ಮಿಸ್ ಕಳಿಸಿದ ಮೆಸೇಜನ್ನು ಓದುವುದು ಹೇಗೆ?

‘ನಮಸ್ಕಾರ. ನಿಮ್ಮ ಮಗ ಈಚೆಗೆ ಕ್ಲಾಸಲ್ಲಿ ತುಂಬಾ ಗಲಾಟೆ ಮಾಡ್ತಿದ್ದಾನೆ. ಯಾವಾಗ್ಲೂ ಜಾಗ ಬಿಟ್ಟು ಎದ್ದು ಓಡಾಡ್ತಾನೆ. ನಿನ್ನೆ ಗಣಿತದ ಪೀರಿಯಡ್‌ನಲ್ಲಿ ಪಕ್ಕದ ಹುಡುಗನ ನೋಟ್‌ಬುಕ್ ಕಿತ್ಕೊಂಡ, ಅದು ಹರಿದುಹೋಯ್ತು. ಬೋರ್ಡ್ ಮೇಲಿನ ಲೆಕ್ಕ ಅರ್ಧ ಮಾತ್ರ ಬರ್ಕೊಂಡಿದ್ದಾನೆ. ಹೇಳಿದ್ರೆ ಕೇಳಲ್ಲ, ಬೇಕಂತ್ಲೇ ಮಾಡ್ತಾನೆ. ವ್ಯಾನಲ್ಲೂ ಯಾರನ್ನೋ ತಳ್ಳಿದನಂತೆ. ಮನೇಲಿ ಮೊಬೈಲ್ ಜಾಸ್ತಿ ಅನ್ಸುತ್ತೆ. ದಯವಿಟ್ಟು ಸ್ವಲ್ಪ ಗಮನ ಕೊಡಿ.’

ಇದು ಮೂರನೇ ಕ್ಲಾಸಿನ ಹುಡುಗನೊಬ್ಬನ ಬಗ್ಗೆ ಬಂದ ಮೆಸೇಜ್ ಎಂದುಕೊಳ್ಳಿ. ಉದಾಹರಣೆಗೆಂದು ನಾನೇ ಬರೆದದ್ದು, ಆದರೆ ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ಇದರ ಧಾಟಿ ಹೊಸದಲ್ಲ. ಇದನ್ನು ಓದಿದ ಅಮ್ಮನ ತಲೆಯಲ್ಲಿ ಉಳಿಯುವುದು ಎರಡೇ ಮಾತು: ‘ಬೇಕಂತ್ಲೇ’ ಮತ್ತು ‘ಮೊಬೈಲ್’. ಮೊದಲನೆಯದಕ್ಕೆ ಮಗನಿಗೆ ಬೈಗುಳ ಬೀಳುತ್ತದೆ. ಎರಡನೆಯದಕ್ಕೆ, ಫೋನ್ ಕೊಟ್ಟು ಕೆಡಿಸಿದ್ದು ಯಾರು ಎಂದು ಗಂಡ ಹೆಂಡಿರ ನಡುವೆ ಮಾತು ಬೆಳೆಯುತ್ತದೆ. ಹರಿದ ನೋಟ್‌ಬುಕ್ಕೂ ಅರ್ಧ ಬರೆದ ಲೆಕ್ಕವೂ ಯಾರಿಗೂ ನೆನಪಿರುವುದಿಲ್ಲ. ಮೆಸೇಜಿನಲ್ಲಿ ನಿಜವಾಗಿ ಉಪಯೋಗಕ್ಕೆ ಬರುವುದು ಅವೆರಡೇ.

ಹಾಗಾಗಿ ಮೊದಲು ಮಾಡಬೇಕಾದ್ದು ವಿಂಗಡಣೆ. ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಹಾಕಿ: ಆ ಹೊತ್ತಿಗೆ ತರಗತಿಯ ಬಾಗಿಲಲ್ಲಿ ಬೇರೆ ಯಾರಾದರೂ ನಿಂತಿದ್ದರೆ ಅವರಿಗೂ ಇದು ಹೀಗೇ ಕಾಣುತ್ತಿತ್ತೇ? ನೋಟ್‌ಬುಕ್ ಕಿತ್ತುಕೊಂಡದ್ದು, ಹರಿದದ್ದು ಅವರಿಗೂ ಕಾಣುತ್ತಿತ್ತು. ಬೋರ್ಡಿನ ಲೆಕ್ಕ ಅರ್ಧಕ್ಕೆ ನಿಂತದ್ದಕ್ಕೆ ನೋಟ್‌ಬುಕ್ಕೇ ಸಾಕ್ಷಿ. ಇವು ಸಂಗತಿಗಳು. ‘ಬೇಕಂತ್ಲೇ’ ಎಂಬುದು ಮಗುವಿನ ಮನಸ್ಸಿನೊಳಗಿನ ವಿಷಯ, ಬಾಗಿಲಲ್ಲಿ ನಿಂತವರಿಗೆ ಅದು ಕಾಣುವುದಿಲ್ಲ. ಮೊಬೈಲಿನ ಮಾತು ಶಿಕ್ಷಕಿ ಕಾಣದ ಮನೆಯ ಬಗ್ಗೆ ಮಾಡಿದ ಊಹೆ. ‘ತುಂಬಾ ಗಲಾಟೆ’ ಅಂದರೆ ಏನು? ಕೂಗುವುದೋ, ಮಾತಾಡುವುದೋ, ಬೆಂಚು ಬಡಿಯುವುದೋ, ತಿಳಿಯುವುದಿಲ್ಲ. ವ್ಯಾನಿನ ಸಂಗತಿ ‘ತಳ್ಳಿದನಂತೆ’ ಎಂದಿದೆ, ಅಂದರೆ ಶಿಕ್ಷಕಿ ಅದನ್ನು ಕಂಡಿಲ್ಲ, ಯಾರೋ ಹೇಳಿದ್ದಾರೆ. ಅದನ್ನು ಕೇಳಬೇಕಾದ್ದು ವ್ಯಾನಿನ ಡ್ರೈವರನ್ನು.

ತೊಡಕಿರುವುದು ‘ಯಾವಾಗ್ಲೂ ಎದ್ದು ಓಡಾಡ್ತಾನೆ’ ಎಂಬಂಥ ವಾಕ್ಯದಲ್ಲಿ. ಇದು ಅರ್ಧ ಸಂಗತಿ, ಅರ್ಧ ಅಭಿಪ್ರಾಯ. ಎದ್ದದ್ದು ನಿಜವಿರಬೇಕು, ‘ಯಾವಾಗ್ಲೂ’ ಎಂಬುದು ಬೇಸರ ಸೇರಿಸಿದ ಮಾತು. ‘ಎದ್ದ’, ‘ಕಿತ್ಕೊಂಡ’ ಎಂದಿದ್ದಲ್ಲಿ ಒಂದು ದಿನ, ಒಂದು ಘಟನೆ ಇರುತ್ತದೆ. ‘ಮಾಡ್ತಾನೆ’, ‘ಕೇಳಲ್ಲ’ ಎಂದಿದ್ದಲ್ಲಿ ಹಲವು ಘಟನೆಗಳು ಕಲಸಿ ಒಂದು ತೀರ್ಪಾಗಿರುತ್ತವೆ. ಆ ತೀರ್ಪನ್ನು ಅಲ್ಲಗಳೆಯಬೇಕಿಲ್ಲ, ಬಿಚ್ಚಿ ಕೇಳಬೇಕು: ಯಾವ ಪೀರಿಯಡ್? ಎದ್ದು ಎಲ್ಲಿಗೆ ಹೋಗುತ್ತಾನೆ? ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯುತ್ತಿತ್ತು? ಅವನು ಎದ್ದಾಗ ನೀವು ಏನು ಮಾಡಿದಿರಿ? ಮಕ್ಕಳ ನಡವಳಿಕೆಯನ್ನು ಅಭ್ಯಾಸ ಮಾಡುವವರೂ ದಾಖಲಿಸಿಕೊಳ್ಳುವುದು ಇದನ್ನೇ: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು.

ಈಗ ಸಂಗತಿಗಳನ್ನಷ್ಟೇ ಒಟ್ಟಿಗಿಟ್ಟು ನೋಡಿ. ಎದ್ದು ಹೋಗುತ್ತಾನೆ, ಪಕ್ಕದವನ ನೋಟ್‌ಬುಕ್ ಎಳೆಯುತ್ತಾನೆ, ಬೋರ್ಡಿನ ಮೇಲಿನದು ಪೂರ್ತಿಯಾಗುವುದಿಲ್ಲ. ಹುಡುಗನಿಗೆ ಬೋರ್ಡ್ ಸರಿಯಾಗಿ ಕಾಣುತ್ತಿಲ್ಲದೆಯೂ ಇರಬಹುದು! ದೂರದ್ದು ಮಸುಕಾಗಿ ಕಾಣುವ ಮಕ್ಕಳು ಅದನ್ನು ಹೇಳುವುದು ಕಡಿಮೆ, ಎಲ್ಲರಿಗೂ ಹಾಗೇ ಕಾಣುತ್ತದೆ ಎಂದುಕೊಂಡಿರುತ್ತಾರೆ. ಇದೂ ಊಹೆಯೇ, ಆದರೆ ಪರೀಕ್ಷಿಸಬಹುದಾದ ಊಹೆ. ಸಂಜೆ ಅವನ ಎಲ್ಲ ನೋಟ್‌ಬುಕ್ಕುಗಳನ್ನೂ ತೆರೆದು ನೋಡಿ. ಬೋರ್ಡ್ ನೋಡಿ ಬರೆದದ್ದು ಎಲ್ಲ ವಿಷಯಗಳಲ್ಲೂ ಅರ್ಧಂಬರ್ಧವಾಗಿದ್ದು, ಉಕ್ತಲೇಖನ ಮಾತ್ರ ಪೂರ್ತಿಯಿದ್ದರೆ ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ಗಣಿತ ಮಾತ್ರ ನಿಂತಿದ್ದರೆ ಪಾಠ ಅರ್ಥವಾಗದೆ ಪಕ್ಕದವನದನ್ನು ನೋಡುತ್ತಿರಬಹುದು. ಉಕ್ತಲೇಖನವೂ ನಡುನಡುವೆ ಬಿಟ್ಟುಹೋಗಿದ್ದರೆ ಕಿವಿ, ಬರೆಯುವ ವೇಗ, ಗಮನ ಈ ಮೂರನ್ನೂ ಯೋಚಿಸಬೇಕು. ‘ಬೇಕಂತ್ಲೇ’ ಎಂಬ ಮಾತನ್ನು ಹಿಡಿದುಕೊಂಡು ಕೂತರೆ ನೋಟ್‌ಬುಕ್ಕುಗಳನ್ನು ತೆರೆಯುವುದೇ ಇಲ್ಲ.

ಹಾಗೆಂದು ಅಭಿಪ್ರಾಯವನ್ನೆಲ್ಲ ಬದಿಗೆ ತಳ್ಳುವುದು ತಪ್ಪು. ನಾವು ಒಂದೋ ಎರಡೋ ಮಕ್ಕಳನ್ನು ಕಂಡಿರುತ್ತೇವೆ, ಶಿಕ್ಷಕಿಯ ಕಣ್ಣೆದುರು ಒಂದೇ ವಯಸ್ಸಿನ ಮೂವತ್ತು ನಲವತ್ತು ಮಕ್ಕಳು ವರ್ಷವಿಡೀ ಕೂತಿರುತ್ತಾರೆ. ‘ಈ ವಯಸ್ಸಿನ ಬೇರೆ ಮಕ್ಕಳಿಗಿಂತ ಇವನು ಜಾಸ್ತಿ ಚಡಪಡಿಸುತ್ತಾನೆ’ ಎಂದು ಅವರು ಹೇಳಿದರೆ ಅದಕ್ಕೆ ತೂಕವಿದೆ. ಅಂಥ ಹೋಲಿಕೆ ಮನೆಯಲ್ಲಿ ಸಿಗುವುದಿಲ್ಲ. ಮಗುವಿನ ಉದ್ದೇಶದ ಬಗ್ಗೆ, ನಮ್ಮ ಮನೆಯ ಬಗ್ಗೆ ಅವರು ಹೇಳುವುದಕ್ಕೆ ಅಷ್ಟು ತೂಕವಿಲ್ಲ. ಈಚೆಗೆ ‘ಹೈಪರ್’ ಎಂಬ ಮಾತೂ ಸಲೀಸಾಗಿ ಓಡಾಡುತ್ತಿದೆ. ಎಡಿಎಚ್‌ಡಿ ಎಂದು ಹೇಳಬೇಕಾದರೆ ಲಕ್ಷಣಗಳು ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷಕ್ಕೆ ಮುಂಚೆಯೇ ಕಾಣಿಸಿಕೊಂಡಿರಬೇಕು, ಶಾಲೆಯಲ್ಲೂ ಮನೆಯಲ್ಲೂ ಹೀಗೆ ಎರಡು ಕಡೆಯಾದರೂ ಕಾಣಬೇಕು. ತಜ್ಞರು ನಿರ್ಧರಿಸುವಾಗ ಶಿಕ್ಷಕರನ್ನೂ ಕೇಳುತ್ತಾರೆ, ಆದರೆ ಕೇಳುವುದು ಅವರು ಏನು ಕಂಡರು ಎಂದು.

ಉಳಿದದ್ದು ಕೋರಿಕೆ. ‘ಸ್ವಲ್ಪ ಗಮನ ಕೊಡಿ’ ಎಂಬುದು ಕೋರಿಕೆಯಂತೆ ಕೇಳಿಸುತ್ತದೆ, ಆದರೆ ನಾಳೆ ಬೆಳಗ್ಗೆ ಏನು ಮಾಡಬೇಕೆಂದು ಅದರಿಂದ ಗೊತ್ತಾಗುವುದಿಲ್ಲ. ಶಿಕ್ಷಕಿಗೆ ಬೇಕಾದ್ದು ಹೊಸ ನೋಟ್‌ಬುಕ್ ಇರಬಹುದು, ಆ ಹುಡುಗನಿಗೆ ಸಾರಿ ಹೇಳಿಸುವುದಿರಬಹುದು, ಬಿಟ್ಟ ಲೆಕ್ಕ ಬರೆಸುವುದಿರಬಹುದು, ಅಥವಾ ‘ನನಗೆ ಸಾಕಾಗಿದೆ, ನಿಮಗೂ ಗೊತ್ತಿರಲಿ’ ಎಂಬುದಷ್ಟೇ ಇರಬಹುದು. ಕೇಳದೆ ತಿಳಿಯುವುದಿಲ್ಲ. ಏನನ್ನೂ ವಿವರಿಸದೆ ‘ಬಂದು ಕಾಣಿ’ ಎಂದಷ್ಟೇ ಬರೆದಿದ್ದರೆ ಅದು ಇದಕ್ಕಿಂತ ಎಷ್ಟೋ ಸ್ಪಷ್ಟ. ಹೋಗಬೇಕು, ಅಷ್ಟೆ.

ಉತ್ತರ ಹೀಗಿರಬಹುದು: ‘ನಮಸ್ಕಾರ ಮಿಸ್, ತಿಳಿಸಿದ್ದಕ್ಕೆ ಧನ್ಯವಾದ. ನೋಟ್‌ಬುಕ್ ಹರಿದದ್ದು ತಪ್ಪೇ. ನಾಳೆ ಹೊಸದು ಕೊಟ್ಟು ಕಳಿಸ್ತೀನಿ, ಆ ಹುಡುಗನ ಹತ್ರ ಸಾರಿ ಕೇಳೋಕೆ ಹೇಳ್ತೀನಿ. ಎರಡು ವಿಷಯ ಕೇಳಬೇಕಿತ್ತು. ಅವನು ಎದ್ದು ಓಡಾಡೋದು ಎಲ್ಲ ಪೀರಿಯಡ್‌ನಲ್ಲೂನಾ, ಗಣಿತದಲ್ಲಿ ಮಾತ್ರನಾ? ಎಷ್ಟನೇ ಬೆಂಚಲ್ಲಿ ಕೂರ್ತಾನೆ? ಕಣ್ಣಿನ ಪರೀಕ್ಷೆನೂ ಮಾಡಿಸ್ತೀವಿ. ಅಲ್ಲಿವರೆಗೆ ಮುಂದಿನ ಬೆಂಚಲ್ಲಿ ಕೂರಿಸೋಕಾಗುತ್ತಾ? ನಾವು ಇನ್ನೇನು ಮಾಡಬೇಕು ಅಂತ ಹೇಳಿ.’ ಮೊಬೈಲಿನ ಮಾತಿಗೆ ಇಲ್ಲಿ ಉತ್ತರವಿಲ್ಲ. ಅದನ್ನು ಎತ್ತಿಕೊಂಡರೆ ವಾದವಷ್ಟೇ ಉಳಿಯುತ್ತದೆ. ನಿಜವಾಗಿಯೂ ಜಾಸ್ತಿಯಾಗಿದ್ದರೆ ಮನೆಯಲ್ಲೇ ಸರಿಮಾಡಿಕೊಳ್ಳಿ.

ಹುಡುಗನನ್ನು ಕೇಳುವಾಗಲೂ ಸಂಗತಿಯಿಂದಲೇ ಶುರುಮಾಡಬೇಕು. ‘ಯಾಕೋ ಗಲಾಟೆ ಮಾಡ್ತೀಯ?’ ಎಂದರೆ ಎಂಟು ವರ್ಷದ ಮಗುವಿನ ಹತ್ತಿರ ಉತ್ತರವಿರುವುದಿಲ್ಲ. ‘ನಿನ್ನೆ ಲೆಕ್ಕದ ಪೀರಿಯಡ್‌ನಲ್ಲಿ ನೋಟ್‌ಬುಕ್ ಹರೀತಂತಲ್ಲ, ಅದಕ್ಕೆ ಮುಂಚೆ ಏನಾಯ್ತು ಪುಟ್ಟಾ?’ ಎಂದರೆ ಏನಾದರೂ ಹೇಳುತ್ತಾನೆ. ಅವನ ಮಾತಿನಲ್ಲೂ ಕಂಡದ್ದು, ಅನ್ನಿಸಿದ್ದು ಎರಡೂ ಬೆರೆತಿರುತ್ತವೆ. ‘ಮಿಸ್ಸಿಗೆ ನಾನಂದ್ರೆ ಆಗಲ್ಲ’ ಎಂಬುದು ಅವನ ಅಭಿಪ್ರಾಯ, ಅದನ್ನೂ ಬಿಚ್ಚಿ ಕೇಳಬೇಕು.

ಬೇರೆ ಮಗುವಿಗೆ ಪೆಟ್ಟಾಗಿದೆ, ರಕ್ತ ಬಂದಿದೆ ಎಂಬ ಮೆಸೇಜಾದರೆ ಈ ವಿಂಗಡಣೆಗೆ ಕೂರಬೇಡಿ. ಮೊದಲು ಫೋನ್ ಮಾಡಿ ಆ ಮಗು ಹೇಗಿದೆ ಎಂದು ಕೇಳಿ, ಉಳಿದದ್ದು ಆಮೇಲೆ. ಮೆಸೇಜ್ ಯಾವ ಬಗೆಯದೇ ಆಗಿರಲಿ, ಉತ್ತರವನ್ನು ಶಿಕ್ಷಕಿಯ ನಂಬರಿಗೇ ಕಳಿಸಿ, ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ.