ಬಾಗಿಲು ಹಾಕಿದರೆ ಟ್ರಿಪ್, ತೆರೆದರೆ ಮಸಿ

ಬೆಳಗಾವಿಯ ಉದ್ಯಮಬಾಗದಂಥ ಕಡೆ ಏಪ್ರಿಲ್ ಮಧ್ಯಾಹ್ನ ಫೌಂಡ್ರಿಯೊಂದರ ಒಳಗೆ ಕಾಲಿಟ್ಟರೆ ಒಂದು ದೃಶ್ಯ ಕಣ್ಣಿಗೆ ಬೀಳುವುದುಂಟು. ಗೋಡೆಗೆ ತಗಲಿಹಾಕಿದ ಕಂಟ್ರೋಲ್ ಪ್ಯಾನೆಲ್‌ನ ಬಾಗಿಲು ಹಾರು ಹೊಡೆದಿರುತ್ತದೆ. ಎದುರಿಗೆ ಒಂದು ಪೆಡೆಸ್ಟಲ್ ಫ್ಯಾನ್ ಭರ್ರೆಂದು ಒಳಕ್ಕೆ ಗಾಳಿ ಬೀಸುತ್ತಿರುತ್ತದೆ. ಯಾರಾದರೂ ಬಾಗಿಲಿಗೆ ಕೈಯಿಟ್ಟರೆ ಎಲೆಕ್ಟ್ರಿಷಿಯನ್ ಓಡಿಬರುತ್ತಾನೆ: “ಹಾಕಬ್ಯಾಡ್ರೀ ಸರ, ಡ್ರೈವ್ ಟ್ರಿಪ್ ಆಗ್ತೈತಿ!”

ಅವನು ಹೇಳುವುದು ನಿಜ. ಆದರೆ ಆ ಫ್ಯಾನ್ ಗಾಳಿಯ ಜೊತೆಗೆ ಮೋಲ್ಡಿಂಗ್ ಮರಳಿನ ಧೂಳನ್ನೂ ಕಲ್ಲಿದ್ದಲ ಮಸಿಯನ್ನೂ ಒಳಕ್ಕೆ ತಳ್ಳುತ್ತಿದೆ. ಮಸಿಯಲ್ಲಿರುವುದು ಇಂಗಾಲ, ಅದು ವಿದ್ಯುತ್ತನ್ನು ಹರಿಯಬಿಡುತ್ತದೆ. ಬೇಸಿಗೆಯಿಡೀ ಟರ್ಮಿನಲ್‌ಗಳ ನಡುವೆ ಕೂತ ಆ ಕಪ್ಪು ಪದರಕ್ಕೆ ಜೂನ್‌ನ ತೇವ ತಾಗಿದ ದಿನ ಕಿಡಿ ಹಾರುತ್ತದೆ, ಬೋರ್ಡ್ ಸುಡುತ್ತದೆ. ಪ್ಯಾನೆಲ್ಲನ್ನು ಗ್ಯಾಸ್ಕೆಟ್ ಹಾಕಿ ಬಿಗಿಯಾಗಿ ಮುಚ್ಚುವುದು ಇದನ್ನು ತಪ್ಪಿಸಲೆಂದೇ. ಹಾಗೆ ಮುಚ್ಚಿದರೆ ಒಳಗಿನ ಬಿಸಿ ಹೋಗುವುದೆಲ್ಲಿಗೆ?

ತಗಡಿನ ಮೂಲಕ. ಮುಚ್ಚಿದ ಪೆಟ್ಟಿಗೆ ತನ್ನ ಮೈಯಿಂದಲೇ ಶಾಖವನ್ನು ಹೊರಹಾಕುತ್ತದೆ. ಎಷ್ಟು ಹಾಕೀತು ಎಂಬುದಕ್ಕೆ ಪ್ಯಾನೆಲ್ ತಯಾರಕರು ಬಳಸುವ ಸೂತ್ರ ಚಿಕ್ಕದು: P = k × A × ΔT. P ಎಂದರೆ ಹೊರಹೋಗುವ ಶಾಖ, ವ್ಯಾಟ್‌ಗಳಲ್ಲಿ. A ಎಂದರೆ ಶಾಖ ಬಿಡುವ ಮೈಯ ವಿಸ್ತೀರ್ಣ. ΔT ಎಂದರೆ ಒಳಗಿನ ಮತ್ತು ಹೊರಗಿನ ಉಷ್ಣತೆಯ ಅಂತರ. ಬಣ್ಣ ಬಳಿದ ಉಕ್ಕಿನ ತಗಡಿಗೆ k ಸುಮಾರು 5.5. ಅಂದರೆ ಒಂದು ಚದರ ಮೀಟರ್ ತಗಡು, ಒಂದು ಡಿಗ್ರಿ ಅಂತರಕ್ಕೆ, ಐದೂವರೆ ವ್ಯಾಟ್ ಶಾಖವನ್ನಷ್ಟೇ ಬಿಟ್ಟುಕೊಡುತ್ತದೆ.

ಒಂದು ಪ್ಯಾನೆಲ್ಲನ್ನು ಲೆಕ್ಕಕ್ಕೆ ಹಿಡಿಯೋಣ. ಎತ್ತರ 1.2 ಮೀಟರ್, ಅಗಲ 0.8, ಆಳ 0.3. ಒಳಗೆ ಮರಳು ಮಿಕ್ಸರ್ ಓಡಿಸುವ 7.5 ಕಿಲೋವ್ಯಾಟ್ ಡ್ರೈವ್ ಇದೆ. ಡ್ರೈವ್‌ಗಳು ತಮ್ಮ ಮೂಲಕ ಹಾಯುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಮೂರು ಪಾಲನ್ನು ಬಿಸಿಯಾಗಿಸುತ್ತವೆ. ಇಲ್ಲಿ ಅದು 225 ವ್ಯಾಟ್. ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ 40, ಕಾಂಟ್ಯಾಕ್ಟರ್ ಮತ್ತು ರಿಲೇಗಳ ಕಾಯಿಲ್‌ಗಳು 40, 24 ವೋಲ್ಟ್ ಪವರ್ ಸಪ್ಲೈ 25, ಪಿಎಲ್‌ಸಿ 20. ಒಟ್ಟು 350 ವ್ಯಾಟ್.

ಗೋಡೆಗೆ ಅಂಟಿದ ಬೆನ್ನು ಶಾಖವನ್ನು ಕಡಿಮೆ ಬಿಡುತ್ತದೆ, ಆದ್ದರಿಂದ ವಿಸ್ತೀರ್ಣದ ಸೂತ್ರ ಅದಕ್ಕೆ ಕಡಿಮೆ ತೂಕ ಕೊಡುತ್ತದೆ. ಹಾಗೆ ಸಿಗುವ ಪರಿಣಾಮಕಾರಿ ಮೈ 2.33 ಚದರ ಮೀಟರ್. ಅದನ್ನು 5.5ರಿಂದ ಗುಣಿಸಿದರೆ 12.8. ಈ ಪೆಟ್ಟಿಗೆಯ ಜಾತಕವೇ ಈ ಸಂಖ್ಯೆ: ಪ್ರತಿ ಡಿಗ್ರಿ ಅಂತರಕ್ಕೆ 12.8 ವ್ಯಾಟ್. 350 ವ್ಯಾಟ್ ಹೊರಹೋಗಬೇಕಾದರೆ ಒಳಗಡೆ ಹೊರಗಿಗಿಂತ 27 ಡಿಗ್ರಿ ಹೆಚ್ಚು ಬಿಸಿಯಾಗಲೇಬೇಕು. ಶೆಡ್‌ನೊಳಗೆ 44 ಡಿಗ್ರಿ ಇದ್ದರೆ ಪ್ಯಾನೆಲ್‌ನೊಳಗೆ 71. ಇದೂ ಸರಾಸರಿ ಮಾತ್ರ. ಬಿಸಿ ಗಾಳಿ ಮೇಲೇರುವುದರಿಂದ ಮೇಲ್ಭಾಗದಲ್ಲಿ ಇನ್ನೂ ಹೆಚ್ಚು. ಕುಲುಮೆ ಹತ್ತಿರವಿದ್ದು ಅದರ ಝಳ ನೇರವಾಗಿ ತಗಡಿಗೆ ಬಡಿಯುತ್ತಿದ್ದರೆ ಆ ಲೆಕ್ಕ ಬೇರೆಯೇ.

ಅನೇಕ ಡ್ರೈವ್‌ಗಳು 40 ಡಿಗ್ರಿಯವರೆಗೆ ಪೂರ್ತಿ ಭಾರ ಹೊರುತ್ತವೆ, 50ರವರೆಗೆ ಭಾರ ಇಳಿಸಿದರೆ ಓಡುತ್ತವೆ. ಬಿಸಿಯಿಂದಲೇ ತೊಂದರೆ ಎಂದು ಗುರುತಿಸುವುದು ಕಷ್ಟವಲ್ಲ. ಟ್ರಿಪ್ ಆಗುವುದು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ. ರಾತ್ರಿ ಪಾಳಿಯಲ್ಲಿ ಅದೇ ಮಿಕ್ಸರ್ ತಕರಾರಿಲ್ಲದೆ ಓಡುತ್ತದೆ. ಕೆಲವೊಮ್ಮೆ ಎಂಸಿಬಿ ಕಾರಣವಿಲ್ಲದೆ ಬೀಳುತ್ತದೆ. ಅದರ ಆಂಪಿಯರ್ ಅಳತೆ ಸಾಮಾನ್ಯವಾಗಿ 30 ಡಿಗ್ರಿಗೆ ನಿಗದಿಯಾದದ್ದು, 70ರ ಬಿಸಿಯಲ್ಲಿ ಅದು ಬೇಗನೆ ಬೀಳುವುದು ಸಹಜ. ಕಣ್ಣಿಗೆ ಕಾಣದ ನಷ್ಟ ಕೆಪಾಸಿಟರ್‌ಗಳದು: ಪ್ರತಿ 10 ಡಿಗ್ರಿ ಏರಿಕೆಗೆ ಅವುಗಳ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಫಿಲ್ಟರ್ ಇರುವ ಫ್ಯಾನ್. ಒಳಗೆ 50 ಡಿಗ್ರಿ ಮೀರಬಾರದೆಂದರೆ ಅಂತರ 6 ಡಿಗ್ರಿಯಷ್ಟೇ. ತಗಡು 77 ವ್ಯಾಟ್ ಹೊರಹಾಕುತ್ತದೆ, ಉಳಿದ 273 ವ್ಯಾಟ್ ಗಾಳಿಯ ಪಾಲಿಗೆ. ಗಂಟೆಗೆ ಬೇಕಾದ ಗಾಳಿ V = 3.4 × P ÷ ΔT ಘನ ಮೀಟರ್. ಸಮುದ್ರ ಮಟ್ಟದ ಊರಿಗೆ ಇದೇ ಗುಣಕ 3.1. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಗಾಳಿ ಅಷ್ಟು ತೆಳು, ಹಾಗಾಗಿ 3.4. ಉತ್ತರ 155 ಘನ ಮೀಟರ್. ಕ್ಯಾಟಲಾಗ್‌ನಲ್ಲಿ ಇಂಥ ಫ್ಯಾನ್ ಸುಲಭವಾಗಿ ಸಿಗುತ್ತದೆ, ಆದರೆ ಅಲ್ಲಿ ಬರೆದಿರುವುದು ಅಡೆತಡೆಯಿಲ್ಲದೆ ತಿರುಗುವಾಗಿನ ಅಂಕಿ. ಫೌಂಡ್ರಿಯ ಧೂಳಿನಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಗಾಳಿ ಅರ್ಧಕ್ಕಿಳಿದರೆ ಅಂತರ ದುಪ್ಪಟ್ಟಿನ ಕಡೆಗೆ ಏರುತ್ತದೆ. ಎಷ್ಟೇ ದೊಡ್ಡ ಫ್ಯಾನ್ ಇಟ್ಟರೂ ಒಳಗಿನ ಉಷ್ಣತೆ ಹೊರಗಿನ 44ಕ್ಕಿಂತ ಕೆಳಗೆ ಬಾರದು.

ಹಾಗಾದರೆ ಪ್ಯಾನೆಲ್ ಎಸಿ? ಅದು ಧೂಳನ್ನು ಒಳಗೆ ಬಿಡದೆ ತಂಪು ಮಾಡುತ್ತದೆ. ಆದರೆ ಒಳಗೆ 35 ಡಿಗ್ರಿಗೆ ಹೊಂದಿಸಿದ ಕೂಡಲೇ ತಗಡು ಎದುರು ಪಕ್ಷಕ್ಕೆ ಸೇರಿಬಿಡುತ್ತದೆ. ಹೊರಗಿನ ಬಿಸಿ ಅದರ ಮೂಲಕವೇ ಒಳಕ್ಕೆ ಬರುತ್ತದೆ: 9 ಡಿಗ್ರಿ ಅಂತರಕ್ಕೆ 115 ವ್ಯಾಟ್. ಎಸಿ ಎತ್ತಬೇಕಾದ್ದು 350 ಅಲ್ಲ, 465 ವ್ಯಾಟ್. ಇನ್ನೂ ತಂಪಿರಲಿ ಎಂದು 22ಕ್ಕೆ ಇಳಿಸಿದರೆ 630 ದಾಟುತ್ತದೆ. ಮೇಲಾಗಿ ಮಳೆಗಾಲದಲ್ಲಿ ಬಾಗಿಲು ತೆರೆದೊಡನೆ ತಣ್ಣನೆಯ ಬೋರ್ಡ್‌ಗಳ ಮೇಲೆ ನೀರು ಬೆವರುತ್ತದೆ. ಎಸಿ ಬಳಸುವುದೇ ಆದರೆ 35ರಲ್ಲೇ ಇಡುವುದು ಕ್ಷೇಮ.

ಇಷ್ಟೆಲ್ಲ ಲೆಕ್ಕದ ಮುಂದೆ ಒಂದು ಸರಳ ಪ್ರಶ್ನೆ ನಿಲ್ಲುತ್ತದೆ. ಆ 225 ವ್ಯಾಟ್ ಪೆಟ್ಟಿಗೆಯೊಳಗೆ ಹುಟ್ಟಲೇಬೇಕೇ? ಹಲವು ಡ್ರೈವ್‌ಗಳನ್ನು ಹೀಟ್‌ಸಿಂಕ್ ಪ್ಯಾನೆಲ್‌ನ ಬೆನ್ನಿನಿಂದ ಹೊರಚಾಚುವಂತೆ ಕೂರಿಸಬಹುದು. ಸುತ್ತ ಗ್ಯಾಸ್ಕೆಟ್ ಇರುವುದರಿಂದ ಧೂಳು ಒಳಬರುವುದಿಲ್ಲ. ಹೆಚ್ಚಿನ ಬಿಸಿ ನೇರ ಹೊರಗೆ ಹೋಗಿ ಒಳಗೆ ಸುಮಾರು 65 ವ್ಯಾಟ್ ಉಳಿಯುತ್ತದೆ. ಟ್ರಾನ್ಸ್‌ಫಾರ್ಮರನ್ನು ಪಕ್ಕದ ಸಣ್ಣ ಪೆಟ್ಟಿಗೆಗೆ ಸಾಗಿಸಿದರೆ ಒಳಗಿನ ಒಟ್ಟು ಮೊತ್ತ 150.

ಎರಡನೆಯದು ಜಾಗ. ಶೆಡ್‌ನ ಒಳಗೋಡೆಯ ಬದಲು ಹೊರಗಿನ ಛಜ್ಜಾದ ನೆರಳಿನಲ್ಲಿ, ಮಳೆ ತಡೆಯುವ ಪೆಟ್ಟಿಗೆಯಾಗಿ, ಗೋಡೆಯಿಂದ ಒಂದು ಗೇಣು ಮುಂದೆ ಕಾಲುಗಳ ಮೇಲೆ ನಿಲ್ಲಿಸಿದರೆ ಹೀಟ್‌ಸಿಂಕ್‌ಗೆ ಗಾಳಿಯಾಡುತ್ತದೆ, ಬೆನ್ನೂ ಹೆಚ್ಚು ಶಾಖ ಬಿಡತೊಡಗುತ್ತದೆ. ಆಗ ಡಿಗ್ರಿಗೆ 12.8ರ ಬದಲು ಸುಮಾರು 15 ವ್ಯಾಟ್. 150ಕ್ಕೆ 10 ಡಿಗ್ರಿ ಏರಿಕೆ. ನೆರಳಿನ 36ಕ್ಕೆ ಸೇರಿಸಿದರೆ 46. ಒಳಗೆ ಗಾಳಿ ತರುವ ಫ್ಯಾನ್ ಇಲ್ಲ, ಫಿಲ್ಟರ್ ಇಲ್ಲ, ಎಸಿ ಇಲ್ಲ. ಬಾಗಿಲು ಮುಚ್ಚಿಯೇ ಇರುತ್ತದೆ. ಡ್ರೈವ್‌ನಿಂದ ಮೋಟಾರಿಗೆ ಎಷ್ಟು ಉದ್ದದ ಕೇಬಲ್ ಎಳೆಯಬಹುದೆಂದು ಅದರ ಕೈಪಿಡಿಯಲ್ಲಿ ನೋಡಿಕೊಂಡೇ ಜಾಗ ಗೊತ್ತುಮಾಡಬೇಕು.

ಲೆಕ್ಕ ಸರಿಯಿತ್ತೇ ಎಂದು ತಿಳಿಯಲು ಪ್ಯಾನೆಲ್‌ನ ಮೇಲ್ಭಾಗದಲ್ಲಿ ಥರ್ಮಾಮೀಟರ್ ತೂಗುಹಾಕಿ, ಬಾಗಿಲು ಮುಚ್ಚಿ, ಪೂರ್ತಿ ಭಾರದಲ್ಲಿ ಕೆಲವು ಗಂಟೆ ಓಡಿಸಿ, ಅಂಕಿ ಏರುವುದು ನಿಂತ ಮೇಲೆ ಓದಬೇಕು. ಆಮೇಲೆ ವಾರಕ್ಕೊಮ್ಮೆ ಹೀಟ್‌ಸಿಂಕ್‌ನ ರೆಕ್ಕೆಗಳ ನಡುವಿನ ಮರಳನ್ನು ಬ್ರಷ್‌ನಿಂದ ಉದುರಿಸಬೇಕು. ಅದನ್ನು ಮರೆತರೆ ಮತ್ತೆ ಮಧ್ಯಾಹ್ನದ ಟ್ರಿಪ್ ಶುರುವಾಗುತ್ತದೆ. ಒಳಗಿನ ಥರ್ಮಾಮೀಟರ್ 46 ಎನ್ನುತ್ತಿದ್ದು, ಡ್ರೈವ್‌ನ ಪರದೆ ಮಾತ್ರ ಹೀಟ್‌ಸಿಂಕ್ ಕಾದಿದೆ ಎಂದು ತೋರಿಸುತ್ತಿದ್ದರೆ, ಹುಡುಕಬೇಕಾದ ಜಾಗ ಪ್ಯಾನೆಲ್‌ನ ಬೆನ್ನು.