ಕರೆಂಟಿನಲ್ಲಿ ಕಾಣುವ ರೋಟರ್ ಮುರಿತ

ಇಂಡಕ್ಷನ್ ಮೋಟಾರಿನ ರೋಟರ್‌ನಲ್ಲಿ ಸರಳು ಮುರಿದರೆ, ಮೋಟಾರು ಬಿಚ್ಚದೆಯೇ ಅದರ ಸುಳಿವು ಸಿಗುತ್ತದೆ. ಒಂದು ಫೇಸಿನ ತಂತಿಗೆ ಕ್ಲ್ಯಾಂಪ್ ಹಾಕಿ, ಕರೆಂಟಿನಲ್ಲಿರುವ ಆವರ್ತನಗಳನ್ನು ಬಿಡಿಸಿ ನೋಡಬೇಕು.

ನಾಲ್ಕು ಧ್ರುವಗಳ, 50 ಹರ್ಟ್ಸ್‌ನ ಮೋಟಾರು ನಿಮಿಷಕ್ಕೆ 1470 ಸುತ್ತು ತಿರುಗುತ್ತಿದೆ ಎನ್ನಿ. ಕಾಂತಕ್ಷೇತ್ರದ ವೇಗ 1500. ರೋಟರ್ ಹಿಂದೆ ಬಿದ್ದಿರುವುದು ಶೇ. 2, ಇದೇ ಸ್ಲಿಪ್. ಮುರಿದ ಸರಳಿನಲ್ಲಿ ಕರೆಂಟು ಸರಿಯಾಗಿ ಹರಿಯದೆ ರೋಟರ್‌ನ ಸಮತೋಲ ತಪ್ಪುತ್ತದೆ. ಆಗ 50ರ ಎತ್ತರದ ಶಿಖರದ ಇಕ್ಕೆಲಗಳಲ್ಲಿ, ಸ್ಲಿಪ್‌ನ ಎರಡರಷ್ಟು ದೂರದಲ್ಲಿ, ಅಂದರೆ 48 ಮತ್ತು 52 ಹರ್ಟ್ಸ್‌ನಲ್ಲಿ, ಎರಡು ಪುಟ್ಟ ಮೊನೆಗಳು ಏಳುತ್ತವೆ. ಅವು ಮುಖ್ಯ ಶಿಖರಕ್ಕಿಂತ ಸುಮಾರು 55 ಡೆಸಿಬೆಲ್ ಕೆಳಗಿದ್ದರೆ ಚಿಂತೆಯಿಲ್ಲ. ಅಂತರ 45ಕ್ಕಿಂತ ಕಡಿಮೆಯಾದರೆ ಮುರಿತದ ಶಂಕೆ ಬಲವಾಗುತ್ತದೆ.

ಖಾಲಿ ಓಡುವ ಮೋಟಾರಿನಲ್ಲಿ ಸ್ಲಿಪ್ ತೀರಾ ಕಡಿಮೆ, ಮೊನೆಗಳು ಶಿಖರದಲ್ಲೇ ಅಡಗುತ್ತವೆ. ಆದ್ದರಿಂದ ಪರೀಕ್ಷೆ ಭಾರ ಹೊತ್ತ ಮೋಟಾರಿನ ಮೇಲೆಯೇ ಆಗಬೇಕು.