ಒಂದು ಸರಳು ಎರಡಾದಾಗ

1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾದಿಗಳು ಕುಸಿದು 114 ಜನ ಸತ್ತರು. ಮೂಲ ನಕ್ಷೆಯಲ್ಲಿ, ಚಾವಣಿಯಿಂದ ಇಳಿದ ಒಂದೇ ಉದ್ದದ ಉಕ್ಕಿನ ಸರಳುಗಳು ನಾಲ್ಕನೇ ಮತ್ತು ಎರಡನೇ ಮಹಡಿಯ ಹಾದಿಗಳೆರಡನ್ನೂ ಹೊರಬೇಕಿತ್ತು. ಅಷ್ಟುದ್ದಕ್ಕೂ ಮರೆ ಕೊರೆಯುವುದು ಕಷ್ಟವೆಂದು ತಯಾರಕರು ಪ್ರತಿ ಸರಳನ್ನೂ ಎರಡು ತುಂಡಾಗಿಸಿದರು. ಕೆಳಗಿನ ಹಾದಿ ಈಗ ಮೇಲಿನ ಹಾದಿಯ ತೊಲೆಗೇ ನೇತುಬಿತ್ತು. ಅಲ್ಲಿನ ನಟ್ಟಿನ ಮೇಲಿನ ಭಾರ ಇಮ್ಮಡಿಯಾಯಿತು. ಲೆಕ್ಕವನ್ನು ಮತ್ತೆ ಮಾಡದೆಯೇ ಆ ನಕ್ಷೆಗೆ ಎಂಜಿನಿಯರರ ಮುದ್ರೆ ಬಿದ್ದಿತ್ತು.

ಸಮಗ್ರ ಬದಲಾವಣೆ ನಿಯಂತ್ರಣ ಇರುವುದು ಇಂಥ ಗಳಿಗೆಗಾಗಿಯೇ. ಕೋರಿಕೆ ಮೊದಲು ಬರಹದಲ್ಲಿ ಬಂದು ದಾಖಲೆ ಪುಸ್ತಕದಲ್ಲಿ ಸಂಖ್ಯೆ ಪಡೆಯಬೇಕು. ಬಳಿಕ ಭಾರ, ವೆಚ್ಚ, ಗಡುವು ಮೂರರ ಮೇಲೂ ಅದರ ಪರಿಣಾಮವನ್ನು ಒಟ್ಟಿಗೆ ಅಳೆಯಬೇಕು. ಆ ವರದಿಯನ್ನು ಬದಲಾವಣೆ ನಿಯಂತ್ರಣ ಮಂಡಳಿ ನೋಡುತ್ತದೆ. ವಿನ್ಯಾಸಕ, ತಯಾರಕ, ಮಾಲೀಕರ ಪ್ರತಿನಿಧಿ ಒಂದೇ ಮೇಜಿಗೆ ಕೂತರೆ "ಈ ನಟ್ಟು ಈಗ ಎಷ್ಟು ಹೊರುತ್ತದೆ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಂಡಳಿ ಒಪ್ಪಬಹುದು, ತಿರಸ್ಕರಿಸಬಹುದು, ಇನ್ನಷ್ಟು ಲೆಕ್ಕ ಕೇಳಿ ಮುಂದೂಡಬಹುದು. ಒಪ್ಪಿದರೆ ಎಲ್ಲ ನಕ್ಷೆಗಳೂ ತಿದ್ದುಪಡಿಯಾಗಬೇಕು, ಕಟ್ಟಿದ್ದು ಅದಕ್ಕೆ ಹೊಂದುತ್ತದೆಯೇ ಎಂದು ಸ್ಥಳದಲ್ಲೇ ಪರೀಕ್ಷೆಯಾಗಬೇಕು. ಆದರೆ ಹಾಳೆಯ ಮೇಲೆ ಸಹಿ ಇದ್ದು ಅದರ ಹಿಂದೆ ಲೆಕ್ಕದ ಪುಟವೇ ಇಲ್ಲದಿದ್ದರೆ, ಮಂಡಳಿ ಹೆಸರಿಗಷ್ಟೇ ಇದೆ ಎಂದು ತಿಳಿಯಬೇಕು.